ಇಪ್ಪತ್ತನಾಲ್ಕು ಸ್ಲೈಡು, ಎರಡು ಪೀರಿಯಡ್ಡು: ಬ್ಲಫ್‌ನ ಪೈಪು ಇಟ್ಟುಕೊಂಡು ಒಂದು ಪಾಠ ಯೋಜನೆ

ಒಂಬತ್ತನೇ ತರಗತಿಯ ವಿಜ್ಞಾನ ಮಾಡುವ ಬಹುತೇಕ ಶಿಕ್ಷಕರ ಬಳಿ 'ಕೆಲಸ ಮತ್ತು ಶಕ್ತಿ' ಅಧ್ಯಾಯದ ಒಂದು ಪಿಪಿಟಿ ಇದ್ದೇ ಇರುತ್ತದೆ. ತಾವೇ ಮಾಡಿದ್ದೋ, ತರಬೇತಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡದ್ದೋ, ಪಕ್ಕದ ಶಾಲೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೋ. ಪಾಠದ ದಿನ ಅದನ್ನು ಮೊದಲ ಸ್ಲೈಡಿನಿಂದ ತೆರೆಯುತ್ತಾರೆ, ಬೆಲ್ ಹೊಡೆಯುವವರೆಗೆ ಓಡಿಸುತ್ತಾರೆ, ಎಲ್ಲಿ ನಿಂತಿತೋ ಅಲ್ಲಿಂದ ಮರುದಿನ ಮುಂದುವರಿಸುತ್ತಾರೆ. ಪಾಠ ಯೋಜನೆಯ ಪುಸ್ತಕದಲ್ಲಿ ಮಾತ್ರ ಚಟುವಟಿಕೆ, ಗುಂಪು ಚರ್ಚೆ, ಮೌಲ್ಯಮಾಪನ ಎಲ್ಲವೂ ಅಂದವಾಗಿ ನಡೆದುಹೋಗಿರುತ್ತವೆ.

ಸ್ಲೈಡುಗಳನ್ನು ಬಿಸಾಡಬೇಕಾಗಿಲ್ಲ. ಅವು ಅಧ್ಯಾಯದ ಕ್ರಮದಲ್ಲಿವೆಯೇ ಹೊರತು ಪಾಠದ ಕ್ರಮದಲ್ಲಿಲ್ಲ ಎಂಬುದಷ್ಟೇ ತೊಡಕು. ಇದ್ದ ಸ್ಲೈಡುಗಳಿಂದಲೇ ನಿಮಿಷ ಲೆಕ್ಕದ ಒಂದು ಯೋಜನೆ ಕಟ್ಟುವುದು ಹೇಗೆಂದು ಇಲ್ಲಿ ನೋಡೋಣ. ಉದಾಹರಣೆಗೆ ಮಳವಳ್ಳಿ ತಾಲ್ಲೂಕಿನ ಬ್ಲಫ್ ಸುತ್ತಮುತ್ತಲಿನ ಶಾಲೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಎತ್ತರದಲ್ಲಿರುವ ನೀರಿಗೆ ಶಕ್ತಿ ಇದೆ ಎಂದು ಪುಸ್ತಕ ಹೇಳುವುದನ್ನು ಕಿಟಕಿಯಾಚೆಗೆ ಕೈ ಚಾಚಿ ತೋರಿಸಬಹುದಾದ ಊರು ಅದು. ಶಿವನಸಮುದ್ರದ ವಿದ್ಯುದಾಗಾರ ಇರುವುದು ಅಲ್ಲೇ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮದ್ದೂರು, ಮಂಡ್ಯದ ಮಕ್ಕಳಿಗೂ ಗಗನಚುಕ್ಕಿ ಅಪರಿಚಿತವಲ್ಲ, ಹಾಗಾಗಿ ಈ ಯೋಜನೆ ಅಲ್ಲಿಯೂ ನಡೆಯುತ್ತದೆ.

ನಮ್ಮ ಮಾದರಿ ಪಿಪಿಟಿಯಲ್ಲಿ 24 ಸ್ಲೈಡುಗಳಿವೆ ಎಂದುಕೊಳ್ಳಿ. 1 ಶೀರ್ಷಿಕೆ, 2 ಉದ್ದೇಶಗಳು. 3ರಿಂದ 6 ಕೆಲಸ, 7ರಿಂದ 9 ಶಕ್ತಿ, 10ರಿಂದ 13 ಚಲನ ಶಕ್ತಿ, 14ರಿಂದ 17 ಪ್ರಚ್ಛನ್ನ ಶಕ್ತಿ, 18ರಿಂದ 20 ಶಕ್ತಿ ಸಂರಕ್ಷಣೆಯ ನಿಯಮ, 21 ಮತ್ತು 22 ಸಾಮರ್ಥ್ಯ. 23 ಸಾರಾಂಶ, 24ರಲ್ಲಿ ಒಂದು ಗುಲಾಬಿ ಹೂವಿನ ಜೊತೆ 'ಧನ್ಯವಾದಗಳು'. ಚಲನ ಶಕ್ತಿಯವರೆಗೆ ಪಾಠ ಆಗಿದೆ. ಉಳಿದಿರುವುದಕ್ಕೆ ನಲವತ್ತು ನಿಮಿಷದ ಎರಡು ಪೀರಿಯಡ್ ಸಿಗುತ್ತವೆ, ಅಂದರೆ 14ರಿಂದ 22ರವರೆಗಿನ ಒಂಬತ್ತು ಸ್ಲೈಡು.

ಮೊದಲು ಸ್ಲೈಡುಗಳಿಗೆ ಒಂದು ಪ್ರಶ್ನೆ

ಪವರ್‌ಪಾಯಿಂಟ್‌ನಲ್ಲಿ View ಮೆನುವಿನ Slide Sorter ತೆರೆದರೆ ಎಲ್ಲ ಸ್ಲೈಡುಗಳೂ ಚಿಕ್ಕದಾಗಿ ಒಂದೇ ಪರದೆಯಲ್ಲಿ ಕಾಣುತ್ತವೆ. ಗೂಗಲ್ ಸ್ಲೈಡ್ಸ್‌ನಲ್ಲಿ ಇದರ ಹೆಸರು Grid view. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸ್ಲೈಡಿನ ಸಂಖ್ಯೆ ಬರೆಯುತ್ತಾ ಹೋಗಿ. ಪ್ರತಿ ಸಂಖ್ಯೆಯ ಮುಂದೆ ಬರೆಯಬೇಕಾದದ್ದು ಒಂದೇ: ಈ ಸ್ಲೈಡು ಪರದೆಯ ಮೇಲಿರುವಾಗ ಮಗು ಏನು ಮಾಡುತ್ತಿರುತ್ತದೆ? ನೀವು ಏನು ಹೇಳುತ್ತೀರಿ ಎಂಬುದನ್ನು ಬರೆಯಬೇಡಿ. ಕೇಳುತ್ತದೆ, ನಕಲು ಮಾಡಿಕೊಳ್ಳುತ್ತದೆ, ಊಹಿಸುತ್ತದೆ, ಅಳೆಯುತ್ತದೆ, ಲೆಕ್ಕ ಹಾಕುತ್ತದೆ, ಪಕ್ಕದವರೊಡನೆ ವಾದ ಮಾಡುತ್ತದೆ. ಇಂಥ ಒಂದು ಕ್ರಿಯಾಪದ ಸಾಕು.

ನಮ್ಮ ಒಂಬತ್ತಕ್ಕೆ ಹೀಗೆ ಬರೆದಾಗ 14 (ವ್ಯಾಖ್ಯೆ), 15 (ಸೂತ್ರದ ನಿರೂಪಣೆ), 18 (ನಿಯಮ), 21 (ಸಾಮರ್ಥ್ಯದ ವ್ಯಾಖ್ಯೆ), 22 (ವಾಟ್, ಕಿಲೋವಾಟ್) ಐದರ ಮುಂದೆಯೂ 'ಕೇಳುತ್ತದೆ, ನಕಲು ಮಾಡುತ್ತದೆ' ಎಂದೇ ಬಂತು. 16 ಬಿಡಿಸಿಟ್ಟ ಲೆಕ್ಕ, ಅದೂ ನಕಲೇ. 17ರಲ್ಲಿ ಒಂದು ವಸ್ತುವನ್ನು ಎರಡು ದಾರಿಯಿಂದ ಮೇಲಕ್ಕೊಯ್ಯುವ ಚಿತ್ರವಿದೆ. ಇಲ್ಲಿ ಊಹಿಸಲು ಅವಕಾಶ ಇತ್ತು, ಆದರೆ ಉತ್ತರವನ್ನು ಚಿತ್ರದ ಕೆಳಗೇ ದಪ್ಪಕ್ಷರದಲ್ಲಿ ಬರೆದುಬಿಟ್ಟಿದ್ದಾರೆ. 19 ಬೀಳುವ ವಸ್ತುವಿನ ಕೋಷ್ಟಕ, ಪೂರ್ತಿ ತುಂಬಿದ್ದು. 20 ಜಲವಿದ್ಯುತ್ ಕೇಂದ್ರದ ಚಿತ್ರ, ಯಾವುದೋ ವಿದೇಶದ ಅಣೆಕಟ್ಟು.

ಈ ಹಾಳೆ ತುಂಬುವುದಕ್ಕೆ ಕಾಲು ಗಂಟೆ ಹಿಡಿಯಬಹುದು. ಎಲ್ಲಿ ಚಟುವಟಿಕೆ ತುರುಕಬೇಕು ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ಇದರಿಂದ ತಪ್ಪುತ್ತದೆ. ಉತ್ತರ ಮೊದಲೇ ಬರೆದಿರುವ ಸ್ಲೈಡು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದೊಂದು ಚಟುವಟಿಕೆ ಅಡಗಿರುತ್ತದೆ. ಉತ್ತರ ಅಳಿಸಿದರೆ ಅದು ತಾನಾಗಿ ಹೊರಗೆ ಬರುತ್ತದೆ. 17ರ ಕೆಳಗಿನ ಸಾಲು ಅಳಿಸಿ, ಎರಡು ದಾರಿಯ ಚಿತ್ರದ ಜಾಗದಲ್ಲಿ ಮೂರು ಪೈಪುಗಳನ್ನು ಬಿಡಿಸಿ, 19ರ ಕೋಷ್ಟಕದ ಮನೆಗಳನ್ನು ಖಾಲಿ ಮಾಡಿ, 20ರ ವಿದೇಶದ ಚಿತ್ರ ತೆಗೆದು ಬ್ಲಫ್‌ನ ಪೈಪುಗಳ ಫೋಟೋ ಹಾಕಿ. ಮೂಲ ಫೈಲು ಹಾಗೇ ಇರಲಿ, ಈ ಬದಲಾವಣೆಗಳನ್ನು ಒಂದು ಪ್ರತಿಯಲ್ಲಿ ಮಾಡಿಕೊಳ್ಳಿ. ಈ ಎರಡು ಪೀರಿಯಡ್ಡಿಗೆ ಬೇಡದವನ್ನು ಅಳಿಸದೆ Hide Slide ಒತ್ತಿ ಮರೆಮಾಡಿದರೆ ಸಾಕು; ಗೂಗಲ್‌ನಲ್ಲಿ ಇದು Skip slide.

ಆಮೇಲೆ ಕೊನೆಯಿಂದ ಶುರು

ಯೋಜನೆಯನ್ನು ಮೊದಲ ನಿಮಿಷದಿಂದ ಬರೆಯಲು ಕೂತರೆ ಪೀಠಿಕೆಯೇ ಹತ್ತು ನಿಮಿಷ ತಿಂದುಬಿಡುತ್ತದೆ. ಕೊನೆಯ ನಾಲ್ಕು ನಿಮಿಷದಲ್ಲಿ ಮಕ್ಕಳು ಅರ್ಧ ಹಾಳೆಯ ಮೇಲೆ ಏನು ಬರೆದುಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಮೊದಲ ಪೀರಿಯಡ್ಡಿಗೆ ನಾನು ಆರಿಸಿದ ಪ್ರಶ್ನೆ ಇದು: '2 ಕಿಲೋ ತೂಕದ ಒಂದು ಚೀಲವನ್ನು 3 ಮೀಟರ್ ಎತ್ತರದ ಅಟ್ಟಕ್ಕೆ ಒಬ್ಬರು ಹಗ್ಗದಿಂದ ನೇರವಾಗಿ ಎಳೆದುಕೊಂಡರು. ಇನ್ನೊಬ್ಬರು ಅಷ್ಟೇ ತೂಕದ ಚೀಲವನ್ನು 5 ಮೀಟರ್ ಉದ್ದದ ಓರೆ ಏಣಿ ಹತ್ತಿ ಒಯ್ದರು. ಅಟ್ಟದ ಮೇಲೆ ಎರಡು ಚೀಲಗಳ ಪ್ರಚ್ಛನ್ನ ಶಕ್ತಿ ಎಷ್ಟೆಷ್ಟು? g = 10 ಎಂದು ತೆಗೆದುಕೊಳ್ಳಿ.'

ಎರಡಕ್ಕೂ ಉತ್ತರ 60 ಜೂಲ್. ಆದರೆ ಈ ಪ್ರಶ್ನೆಯ ಉಪಯೋಗ ಇರುವುದು ತಪ್ಪು ಉತ್ತರಗಳಲ್ಲಿ. ಎರಡನೆಯದಕ್ಕೆ 100 ಬರೆದ ಮಗು ಎತ್ತರದ ಬದಲು ಏಣಿಯ ಉದ್ದ ತೆಗೆದುಕೊಂಡಿದೆ. 6 ಎಂದು ಬರೆದ ಮಗು g ಮರೆತಿದೆ. ಸಂಖ್ಯೆ ಸರಿ ಇದ್ದು ಜೂಲ್ ಇಲ್ಲದಿದ್ದರೆ ಅದು ಬೇರೆ ಕಾಯಿಲೆ, ಹಗುರದ್ದು. ಹೀಗೆ ಉತ್ತರದ ಹಾಳೆ ನೋಡಿದ ಕೂಡಲೇ ಮಗು ಎಲ್ಲಿ ಎಡವಿತು ಎಂದು ತಿಳಿಯುವ ಪ್ರಶ್ನೆ ಸಿಕ್ಕ ಮೇಲೆ, ಉಳಿದ ಮೂವತ್ತಾರು ನಿಮಿಷ ಯಾವ ಕಡೆ ಹೋಗಬೇಕು ಎಂಬುದು ತೀರ್ಮಾನವಾದಂತೆಯೇ. ಅಟ್ಟ, ಏಣಿ ಹಾಕಿದ್ದೂ ಬೇಕೆಂದೇ. ತರಗತಿಯಲ್ಲಿ ನೀರು, ಪೈಪಿನ ಮಾತಾಡಿ ಚೀಟಿಯಲ್ಲೂ ಅದನ್ನೇ ಕೇಳಿದರೆ ನೆನಪಿನ ಪರೀಕ್ಷೆಯಾಗುತ್ತದೆ.

ಮೊದಲ ಪೀರಿಯಡ್ಡು ಹೀಗೆ ಬಿತ್ತು:

0–5 ನಿಮಿಷ: ಬ್ಲಫ್‌ನ ಫೋಟೋ, ಒಂದು ಪ್ರಶ್ನೆ, ಕೈ ಎತ್ತಿಸುವುದು
5–17: ಮರಳಿನ ಚಟುವಟಿಕೆ
17–24: ಸ್ಲೈಡು 14, 15 ಮತ್ತು ಕರಿಹಲಗೆ
24–31: ಮೂರು ಪೈಪುಗಳ ಪ್ರಶ್ನೆ (ತಿದ್ದಿದ ಸ್ಲೈಡು 17)
31–36: ಒಂದು ಲೆಕ್ಕ (ಸ್ಲೈಡು 16ರ ಜಾಗದಲ್ಲಿ)
36–40: ಚೀಟಿ

ಮೊದಲ ಐದು ನಿಮಿಷಕ್ಕೆ ಫೋಟೋ ಮಾತ್ರ ಸಾಕು. ಶೀರ್ಷಿಕೆ, ಉದ್ದೇಶ ಎರಡೂ ಬೇಡ. 'ಗಗನಚುಕ್ಕಿಯಲ್ಲಿ ಧುಮುಕುವ ನೀರಿನಿಂದ ಕರೆಂಟು ತಯಾರಾಗುತ್ತದೆಯೇ?' ಎಂದು ಕೇಳಿ. ಹೌದು ಎಂದವರೆಷ್ಟು, ಇಲ್ಲ ಎಂದವರೆಷ್ಟು ಹಲಗೆಯ ಮೂಲೆಯಲ್ಲಿ ಬರೆದಿಡಿ. ಉತ್ತರ ಹೇಳಬೇಡಿ. ಪ್ರವಾಸಿಗರಂತೆ ಜಲಪಾತ ನೋಡಿ ಬಂದ ಮಕ್ಕಳು ಹೌದು ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ ವಿದ್ಯುದಾಗಾರದಲ್ಲಿ ಕೆಲಸ ಮಾಡಿದ್ದರೆ ಆ ಮಗು ಇಲ್ಲ ಎನ್ನುತ್ತದೆ, ಅದೇ ಸರಿ. ಜಲಪಾತದಲ್ಲಿ ಬೀಳುವುದು ವಿದ್ಯುದಾಗಾರಕ್ಕೆ ಹೋಗದ ನೀರು. ಯಂತ್ರ ತಿರುಗಿಸುವ ನೀರನ್ನು ಜಲಪಾತಕ್ಕಿಂತ ಮೇಲೆಯೇ ನಾಲೆಗೆ ತಿರುಗಿಸಿ, ಬೆಟ್ಟದಂಚಿನಿಂದ ಇಳಿಜಾರಿನ ದಪ್ಪ ಪೈಪುಗಳಲ್ಲಿ ಕೆಳಕ್ಕೆ ಬಿಡುತ್ತಾರೆ. ಬಹಳ ಪಿಪಿಟಿಗಳಲ್ಲಿ ಜಲವಿದ್ಯುತ್ ಎಂದ ಕೂಡಲೇ ಜೋಗದ ಚಿತ್ರ ಹಾಕಿರುತ್ತಾರೆ. ಮಕ್ಕಳ ತಲೆಯಲ್ಲಿ ಆ ತಪ್ಪು ಕೂರುವುದು ಅಲ್ಲಿಂದಲೇ.

ಮರಳು, ಚೆಂಡು, ಹನ್ನೆರಡು ನಿಮಿಷ

ಒದ್ದೆ ಮರಳಿನ ಮೇಲೆ ಬೇರೆ ಬೇರೆ ಎತ್ತರದಿಂದ ಚೆಂಡು ಬೀಳಿಸಿ ಗುಳಿ ನೋಡುವ ಚಟುವಟಿಕೆ ಪಠ್ಯದಲ್ಲೇ ಇದೆ. ಹೆಚ್ಚಿನವರು ಇದನ್ನು ಬಾಯಲ್ಲಿ ಹೇಳಿ ದಾಟಿಸುತ್ತಾರೆ, ಸಮಯ ಸಾಲದು ಎಂಬ ಕಾರಣಕ್ಕೆ. ಸಮಯ ಸಾಲದೆ ಹೋಗುವುದು ಎಲ್ಲಿ ಎಂದು ನೋಡಿದರೆ ಚೆಂಡು ಬೀಳಿಸುವುದರಲ್ಲಲ್ಲ, ಅದರ ಹಿಂದೆ ಮುಂದೆ. ಆದ್ದರಿಂದ ಯಾವ ಚಟುವಟಿಕೆಗೂ ಒಂದೇ ಸಂಖ್ಯೆ ಬರೆಯದೆ ನಾಲ್ಕಾಗಿ ಒಡೆಯಿರಿ: ಹೇಳುವುದಕ್ಕೆ 2 ನಿಮಿಷ, ಜಾಗಕ್ಕೆ ಹೋಗುವುದಕ್ಕೆ 1, ಮಾಡುವುದಕ್ಕೆ 7, ಬಂದು ಕೂತು ಹೇಳುವುದಕ್ಕೆ 2.

ಆ ಏಳು ನಿಮಿಷ ಎಲ್ಲಿಂದ ಬಂತು? ಕ್ರಿಕೆಟ್ ಚೆಂಡನ್ನು ಅರ್ಧ ಮೀಟರ್, 1 ಮೀಟರ್, ಒಂದೂವರೆ ಮೀಟರ್‌ನಿಂದ ಎರಡೆರಡು ಸಲ, ಆಮೇಲೆ ಟೆನಿಸ್ ಚೆಂಡನ್ನು 1 ಮೀಟರ್‌ನಿಂದ ಎರಡು ಸಲ. ಒಟ್ಟು ಎಂಟು ಸಲ ಬೀಳಿಸಬೇಕು. ಬೀಳಿಸಿ, ಗುಳಿಯ ಆಳ ಅಳೆದು, ಬರೆದು, ಮರಳು ಸಮ ಮಾಡಲು ಒಂದೊಂದಕ್ಕೆ ಮುಕ್ಕಾಲು ನಿಮಿಷ ಹಿಡಿದರೆ ಆರು ನಿಮಿಷ. ಒಂದು ನಿಮಿಷ ಕೈಯಲ್ಲಿರಲಿ. ಎರಡು ಬಗೆಯ ಚೆಂಡಿಗೂ ಕಾರಣ ಇದೆ: ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಟೆನಿಸ್ ಚೆಂಡಿನದು 57 ಗ್ರಾಂ, ಕ್ರಿಕೆಟ್ ಚೆಂಡಿನದು ಸುಮಾರು 160. ದ್ರವ್ಯರಾಶಿಯೊಂದೇ ಬದಲಾದಂತೆ ತೋರಿಸಲು ಶಾಲೆಯ ಆಟದ ಕೋಣೆಯಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಗುಂಡು ಎಸೆತದ ಗುಂಡನ್ನು ಮಾತ್ರ ತರಬೇಡಿ, ಕಾಲ ಮೇಲೆ ಬಿದ್ದರೆ ಪಾಠ ಆಸ್ಪತ್ರೆಯಲ್ಲಿ ಮುಗಿಯುತ್ತದೆ.

ಮೂವತ್ತಾರು ಮಕ್ಕಳಿದ್ದರೆ ಆರು ಗುಂಪು. ಗಾರೆ ಕೆಲಸದ ಆರು ಬಾಣಲೆಗಳಲ್ಲಿ ಒಂದು ಗೇಣಿನಷ್ಟು ಮರಳು ತುಂಬಿ, ಪೀರಿಯಡ್ಡಿಗೆ ಮುಂಚೆಯೇ ವರಾಂಡದಲ್ಲಿ ಸಾಲಾಗಿ ಇಡಿಸಿರಬೇಕು. ಗೋಡೆಯ ಮೇಲೆ ಮೂರು ಎತ್ತರಗಳನ್ನು ಮರಳಿನ ಮಟ್ಟದಿಂದ ಅಳೆದು ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ. ನೆಲದಿಂದ ಅಳೆದರೆ ಎಲ್ಲ ಎತ್ತರಗಳೂ ಒಂದು ಗೇಣು ತಪ್ಪಾಗುತ್ತವೆ. ಮರಳು ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಮಾತ್ರ ತೇವ ಇರಲಿ. ನೀರು ಹೆಚ್ಚಾದರೆ ಗಟ್ಟಿಯಾಗಿ ಚೆಂಡು ಪುಟಿಯುತ್ತದೆ, ಒಣಗಿದ್ದರೆ ಗುಳಿಯ ಅಂಚು ಕುಸಿದು ಅಳತೆ ನಿಲ್ಲುವುದಿಲ್ಲ. ಆಳ ಅಳೆಯುವುದಕ್ಕೆ ಗುಳಿಯ ಮೇಲೆ ಒಂದು ಕಡ್ಡಿ ಅಡ್ಡ ಇಟ್ಟು, ಅಲ್ಲಿಂದ ಕೆಳಕ್ಕೆ ಸ್ಕೇಲು ಇಳಿಸಿದರಾಯಿತು.

ಈ ಚಟುವಟಿಕೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು ಸಲ ಚೆಂಡು ಬಿದ್ದ ಮೇಲೆ ಮರಳು ಅದುಮಿಕೊಂಡಿರುತ್ತದೆ. ಮೇಲ್ಮೈ ಸವರಿದರೆ ಸಾಲದು, ಕೈ ಹಾಕಿ ಕೆದಕಿ ಸಡಿಲ ಮಾಡಬೇಕು. ಇಲ್ಲದಿದ್ದರೆ ಒಂದೂವರೆ ಮೀಟರ್‌ನ ಗುಳಿ 1 ಮೀಟರ್‌ನದಕ್ಕಿಂತ ಕಡಿಮೆ ಬಂದು ಗುಂಪಿನವರು ಗಲಿಬಿಲಿಯಾಗುತ್ತಾರೆ. ಎರಡನೆಯದು ಶಿಕ್ಷಕರ ಕಡೆಯ ತಪ್ಪು: ಎತ್ತರ ಎರಡರಷ್ಟಾದರೆ ಗುಳಿಯೂ ಎರಡರಷ್ಟಾಗಬೇಕು ಎಂದು ಒತ್ತಾಯಿಸುವುದು. ಹಾಗೆ ಆಗಬೇಕಾಗಿಲ್ಲ, ಚೆಂಡು ಇಳಿದಷ್ಟೂ ಮರಳು ಒಡ್ಡುವ ತಡೆ ಹೆಚ್ಚುತ್ತದೆ. ಎತ್ತರ ಹೆಚ್ಚಿದರೆ ಗುಳಿ ಆಳ, ತೂಕ ಹೆಚ್ಚಿದರೆ ಗುಳಿ ಆಳ ಎಂಬಷ್ಟು ಮಕ್ಕಳ ಬಾಯಲ್ಲಿ ಬಂದರೆ ಈ ಹನ್ನೆರಡು ನಿಮಿಷದ ಕೆಲಸ ಮುಗಿಯಿತು. ಸೂತ್ರವನ್ನು ಮರಳಿನಿಂದ ತೆಗೆಯಲು ಹೋಗಬೇಡಿ.

ಸೂತ್ರಕ್ಕೆ ಸ್ಲೈಡು 15 ಇದೆಯಲ್ಲ. ಈಗ ಅದನ್ನು ತೆರೆದರೆ ಮಕ್ಕಳಿಗೆ m ಯಾಕೆ, h ಯಾಕೆ ಎಂದು ಹೇಳಬೇಕಾಗಿಲ್ಲ. E = mgh ಬರೆಸಿ, ಪರದೆ ಕಪ್ಪು ಮಾಡಿ. ಸ್ಲೈಡ್ ಶೋ ನಡೆಯುವಾಗ ಕೀಲಿಮಣೆಯ B ಒತ್ತಿದರೆ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮರಳಿ ಬರುತ್ತದೆ. ಪರದೆ ಬೆಳಗುತ್ತಿರುವವರೆಗೆ ಮಕ್ಕಳ ಕಣ್ಣು ಅಲ್ಲೇ ಇರುತ್ತದೆ, ನಿಮ್ಮ ಕರಿಹಲಗೆ ಯಾರಿಗೂ ಬೇಡ.

ಮೂರು ಪೈಪುಗಳು

ಈ ಪೀರಿಯಡ್ಡಿನ ತಿರುವು ಇರುವುದು 24ನೇ ನಿಮಿಷದಲ್ಲಿ. ತಿದ್ದಿದ ಸ್ಲೈಡು 17ರಲ್ಲಿ ಒಂದೇ ಬಂಡೆಯ ನೆತ್ತಿಯಿಂದ ಒಂದೇ ಮಟ್ಟದ ನೆಲಕ್ಕೆ ಮೂರು ಪೈಪುಗಳು: ಒಂದು ನೇರ ಕೆಳಕ್ಕೆ, ಒಂದು ಇಳಿಜಾರಾಗಿ, ಒಂದು ಹಾವಿನಂತೆ ಸುತ್ತಿಕೊಂಡು. 'ಮೇಲಿರುವ ಒಂದು ಟನ್ ನೀರು ಯಾವ ಪೈಪಿನಲ್ಲಿ ಇಳಿದರೆ ಹೆಚ್ಚು ಪ್ರಚ್ಛನ್ನ ಶಕ್ತಿ ಬಿಟ್ಟುಕೊಡುತ್ತದೆ? ಪೈಪಿನೊಳಗಿನ ಘರ್ಷಣೆ ಬಿಟ್ಟುಬಿಡಿ.' ಮೊದಲು ಯಾರ ಜೊತೆಯೂ ಮಾತಾಡದೆ ಅ, ಆ, ಇ ಅಥವಾ 'ಎಲ್ಲವೂ ಸಮ' ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಬೇಕು, ಒಂದು ನಿಮಿಷ. ಆಮೇಲೆ ಪಕ್ಕದವರೊಡನೆ ಮೂರು ನಿಮಿಷ ವಾದ. ಮತ್ತೆ ಕೈ ಎತ್ತಿಸಿ. ಉಳಿದ ಸಮಯದಲ್ಲಿ ಮಾತು ಬದಲಿಸಿದ ಒಬ್ಬಿಬ್ಬರಿಂದ ಕಾರಣ ಹೇಳಿಸಿ.

ಘರ್ಷಣೆ ಬಿಡಿ ಎಂಬ ಮಾತು ಪ್ರಶ್ನೆಯಲ್ಲೇ ಇರಬೇಕು. ಇಲ್ಲದಿದ್ದರೆ ಜಾಣ ಮಗುವೊಂದು ಉದ್ದ ಪೈಪಿನಲ್ಲಿ ಉಜ್ಜಾಟ ಹೆಚ್ಚು ಎಂದು ಸರಿಯಾಗಿಯೇ ವಾದಿಸುತ್ತದೆ, ನೀವು ತಪ್ಪು ಎನ್ನಬೇಕಾಗುತ್ತದೆ. ಬ್ಲಫ್‌ನ ಮಕ್ಕಳಿಗೆ ಇನ್ನೊಂದು ಉದಾಹರಣೆ ಕೈಗೇ ಸಿಗುತ್ತದೆ. ಕೆಳಗಿನ ವಿದ್ಯುದಾಗಾರಕ್ಕೆ ಸಿಬ್ಬಂದಿ ಇಳಿಯುವುದು ಇಳಿಜಾರಿನ ಹಳಿಯ ಮೇಲಿನ ಟ್ರಾಲಿಯಲ್ಲಿ. ಹಳಿಯ ಉದ್ದ ಬೇರೆ, ಇಳಿದ ಆಳ ಬೇರೆ. h ಅಂದರೆ ಯಾವುದು ಎಂದು ಅವರನ್ನೇ ಕೇಳಿ.

31ನೇ ನಿಮಿಷದ ಲೆಕ್ಕ ಚಿಕ್ಕದು, ಆದರೆ ಮರುದಿನದ ಪಾಠ ಪೂರ್ತಿ ಇದರ ಮೇಲೆ ನಿಂತಿದೆ. ಶಿವನಸಮುದ್ರದಲ್ಲಿ ನೀರು ಪೈಪಿನಲ್ಲಿ ಇಳಿಯುವ ಎತ್ತರ ಸುಮಾರು 400 ಅಡಿ. ತರಗತಿಗೆ 120 ಮೀಟರ್ ಎಂದಿಟ್ಟುಕೊಳ್ಳಿ. ಮನೆ ಮೇಲಿನ ಸಾವಿರ ಲೀಟರ್ ಕಪ್ಪು ಟ್ಯಾಂಕಿನಲ್ಲಿ 1000 ಕಿಲೋ ನೀರು. 1000 × 10 × 120, ಅಂದರೆ 12 ಲಕ್ಷ ಜೂಲ್. ಸಮಯ ಮೀರಿದ್ದರೆ ಈ ಲೆಕ್ಕ ಮನೆಗೆ ಹೋಗಲಿ. ಯೋಜನೆ ಬರೆಯುವಾಗಲೇ ಇದರ ಪಕ್ಕ 'ಬಿಡಬಹುದು' ಎಂದು ಗುರುತು ಹಾಕಿಟ್ಟಿರಿ. ಪ್ರಾರ್ಥನೆ ತಡವಾಗುತ್ತದೆ, ಹಾಲಿನ ಲೆಕ್ಕ ಕೇಳಿಕೊಂಡು ಯಾರೋ ಬಾಗಿಲಿಗೆ ಬರುತ್ತಾರೆ, ಐದು ನಿಮಿಷ ಹೋಗೇ ಹೋಗುತ್ತದೆ. ಏನನ್ನು ಬಿಡುವುದೆಂದು ಮೊದಲೇ ಗೊತ್ತಿರದಿದ್ದರೆ ಬಿಟ್ಟುಹೋಗುವುದು ಯಾವಾಗಲೂ ಕೊನೆಯ ಚೀಟಿಯೇ.

ಎರಡನೇ ಪೀರಿಯಡ್ಡು: ಮೂರು ಟ್ಯಾಂಕಿಗೆ ಒಂದು ಯೂನಿಟ್ಟು

ಚೀಟಿಗಳನ್ನು ಆ ದಿನವೇ ಮೂರು ಕಟ್ಟು ಮಾಡಿ. ತಿದ್ದುವುದು ಬೇಡ, ಅಂಕವೂ ಬೇಡ. 100 ಬರೆದವರ ಕಟ್ಟು ತರಗತಿಯ ಮೂರನೇ ಒಂದು ಭಾಗಕ್ಕಿಂತ ದಪ್ಪ ಇದ್ದರೆ ಎರಡನೇ ಪೀರಿಯಡ್ಡಿನ ಮೊದಲ ಎಂಟು ನಿಮಿಷ ಮೂರು ಪೈಪುಗಳಿಗೇ ವಾಪಸ್. ಆಗ ಕೊನೆಯ ಸಾಮರ್ಥ್ಯದ ಲೆಕ್ಕಗಳಲ್ಲಿ ಒಂದನ್ನು ಬಿಡಬೇಕು. ಕಡಿಮೆ ಇದ್ದರೆ ಐದು ನಿಮಿಷ ಸಾಕು.

5ರಿಂದ 13: ಖಾಲಿ ಮಾಡಿಟ್ಟ ಸ್ಲೈಡು 19. 1000 ಕಿಲೋದ ಬಂಡೆಯೊಂದು 120 ಮೀಟರ್ ಎತ್ತರದಿಂದ ಉರುಳದೆ ನೇರ ಬಿದ್ದರೆ 120, 90, 60, 30, 0 ಮೀಟರ್‌ಗಳಲ್ಲಿ ಪ್ರಚ್ಛನ್ನ ಶಕ್ತಿ ಎಷ್ಟು, ಚಲನ ಶಕ್ತಿ ಎಷ್ಟು? 12, 9, 6, 3, 0 ಲಕ್ಷ ಜೂಲ್ ಒಂದು ಕಡೆ ಇಳಿದರೆ ಇನ್ನೊಂದು ಕಡೆ 0, 3, 6, 9, 12 ಏರುತ್ತದೆ. ಮಕ್ಕಳು ಜೋಡಿಯಾಗಿ ತುಂಬಲಿ.

ಇಲ್ಲಿ ನೀರು ಬಿಟ್ಟು ಬಂಡೆ ತಂದದ್ದು ಯಾಕೆಂದು ಶಿಕ್ಷಕರಿಗೆ ತಿಳಿದಿರಬೇಕು. ತುಂಬಿ ಹರಿಯುವ ಒಂದೇ ಅಗಲದ ಪೈಪಿನಲ್ಲಿ ನೀರು ಕೆಳಗೆ ಹೋದಂತೆ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಮೇಲೆ ಎಷ್ಟು ಹೋಗುತ್ತದೋ ಕೆಳಗೂ ಅಷ್ಟೇ ಹೊರಗೆ ಬರಬೇಕಲ್ಲ. ಕಳೆದುಕೊಂಡ ಪ್ರಚ್ಛನ್ನ ಶಕ್ತಿ ಅಲ್ಲಿ ಒತ್ತಡದ ರೂಪದಲ್ಲಿ ಇರುತ್ತದೆ, ತುದಿಯಲ್ಲಿ ಟರ್ಬೈನ್ ಅದನ್ನು ಇಸಿದುಕೊಳ್ಳುತ್ತದೆ. ಪೈಪಿನ ನೀರಿಗೆ ಈ ಕೋಷ್ಟಕ ತುಂಬಿಸಿದರೆ ಲೆಕ್ಕ ಸರಿ ಕಂಡರೂ ಭೌತಶಾಸ್ತ್ರ ತಪ್ಪು. ಒಂಬತ್ತನೇ ತರಗತಿಗೆ ಒತ್ತಡದ ವಿವರ ಬೇಡ. ಕೇಳಿದ ಮಗುವಿಗೆ ಮಾತ್ರ ಇಷ್ಟು ಹೇಳಿ ಕಳಿಸಿ.

13ರಿಂದ 27: ಕರೆಂಟ್ ಬಿಲ್ಲು. ಹಿಂದಿನ ದಿನವೇ ಮನೆಯ ಬಿಲ್ಲಿನಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಎಂದಿದೆಯೋ ಆ ಸಂಖ್ಯೆಯನ್ನಷ್ಟೇ ಬರೆದು ತರಲು ಹೇಳಿ. ಬಿಲ್ಲನ್ನೇ ತರಿಸಬೇಡಿ. ಬಾಕಿ ಎಷ್ಟಿದೆ, ಯಾರ ಹೆಸರಿನಲ್ಲಿದೆ ಎಂಬುದೆಲ್ಲ ತರಗತಿಗೆ ಬೇಕಿಲ್ಲ. ಗೃಹಜ್ಯೋತಿಯಿಂದ ಮೊತ್ತ ಸೊನ್ನೆ ಇದ್ದರೂ ಬಳಸಿದ ಯೂನಿಟ್ ಬಿಲ್ಲಿನಲ್ಲಿ ಇದ್ದೇ ಇರುತ್ತದೆ, 'ನಮ್ಮನೇಲಿ ಬಿಲ್ ಬರಲ್ಲ ಮಿಸ್' ಎನ್ನುವವರಿಗೆ ಅದನ್ನು ತಿಳಿಸಿ. ಬಿಲ್ಲೇ ಸಿಗದವರಿಗೆ 60 ಎಂಬ ಸಂಖ್ಯೆ ಕೊಡಿ.

ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಗಂಟೆ, 36 ಲಕ್ಷ ಜೂಲ್. ನಿನ್ನೆಯ ಟ್ಯಾಂಕಿನಲ್ಲಿ 12 ಲಕ್ಷ ಇತ್ತು. ಹಾಗಾದರೆ ಏನೂ ಪೋಲಾಗದಿದ್ದರೆ ಮೂರು ಟ್ಯಾಂಕು ನೀರು ಬ್ಲಫ್‌ನ ಪೈಪಿನಲ್ಲಿ ಇಳಿದರೆ ಒಂದು ಯೂನಿಟ್. ಇದನ್ನು ನೀವು ಹೇಳಿಬಿಟ್ಟರೆ ಚಟುವಟಿಕೆ ಅಲ್ಲಿಗೇ ಮುಗಿಯಿತು. '12 ಲಕ್ಷ' ಮತ್ತು '36 ಲಕ್ಷ' ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಸುಮ್ಮನಿರಿ. 60 ಯೂನಿಟ್ಟಿನ ಮನೆಗೆ ತಿಂಗಳಿಗೆ 180 ಟ್ಯಾಂಕು. ಮುಂದೆ, ಯಂತ್ರ ಮತ್ತು ಪೈಪಿನಲ್ಲಿ ಐದರಲ್ಲೊಂದು ಪಾಲು ಶಾಖ, ಸದ್ದು, ಉಜ್ಜಾಟಕ್ಕೆ ಹೋಯಿತು ಎಂದುಕೊಂಡು ಮತ್ತೆ ಲೆಕ್ಕ ಹಾಕಿಸಿ. ಟ್ಯಾಂಕಿಗೆ 9 ಲಕ್ಷ 60 ಸಾವಿರ ಜೂಲ್ ಸಿಕ್ಕಿ, ಒಂದು ಯೂನಿಟ್ಟಿಗೆ ಮುಕ್ಕಾಲು ಟ್ಯಾಂಕು ಹೆಚ್ಚಿಗೆ ಬೇಕಾಗುತ್ತದೆ. ಸಂರಕ್ಷಣೆಯ ನಿಯಮ ಎಂದರೆ ಪೋಲಾಗುವುದಿಲ್ಲ ಎಂದಲ್ಲ, ಲೆಕ್ಕಕ್ಕೆ ಸಿಗದೆ ಹೋಗುವುದಿಲ್ಲ ಎಂದು ಇಲ್ಲಿ ಹೇಳಬಹುದು. ಮನೆಗೆ ಬರುವ ಕರೆಂಟು ಬ್ಲಫ್‌ನಿಂದಲೇ ಬರುತ್ತದೆಂದು ಮಾತ್ರ ಹೇಳಬೇಡಿ. ಎಲ್ಲ ಕೇಂದ್ರಗಳ ವಿದ್ಯುತ್ತೂ ಒಂದೇ ಜಾಲಕ್ಕೆ ಸೇರಿ ಹಂಚಿಕೆಯಾಗುತ್ತದೆ.

27ರಿಂದ 34: ಸ್ಲೈಡು 21, 22. ಶಿವನಸಮುದ್ರದಲ್ಲಿ 3 ಮೆಗಾವಾಟ್‌ನ ಆರು, 6 ಮೆಗಾವಾಟ್‌ನ ನಾಲ್ಕು ಯಂತ್ರಗಳಿವೆ, ಒಟ್ಟು 42 ಮೆಗಾವಾಟ್. ಸೆಕೆಂಡಿಗೆ ಒಂದು ಟ್ಯಾಂಕು ಇಳಿದರೆ ಸೆಕೆಂಡಿಗೆ 12 ಲಕ್ಷ ಜೂಲ್, ಅಂದರೆ 1.2 ಮೆಗಾವಾಟ್. ಎಲ್ಲ ಯಂತ್ರಗಳೂ ಪೂರ್ತಿ ತಿರುಗಬೇಕಾದರೆ ನಷ್ಟ ಬಿಟ್ಟು ಲೆಕ್ಕ ಹಾಕಿದರೂ ಸೆಕೆಂಡಿಗೆ 35 ಟ್ಯಾಂಕು ಬೇಕು. ಸಂಖ್ಯೆ ಬಂದ ಮೇಲೆ ಒಂದು ಪ್ರಶ್ನೆ: ಬೇಸಿಗೆಯಲ್ಲಿ ಕರೆಂಟು ಕಡಿಮೆಯಾದರೆ ಬದಲಾದದ್ದು h ಆ, ಸೆಕೆಂಡಿಗೆ ಬರುವ m ಆ? ಬೆಟ್ಟ ಎಲ್ಲಿಗೂ ಹೋಗಿಲ್ಲ, ನೀರು ಕಡಿಮೆಯಾಗಿದೆ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದಾಗ ನೀರಾವರಿಯ ಜೊತೆಗೆ ಈ ಕೇಂದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಸಿಗಬೇಕೆಂಬುದೂ ಒಂದು ಕಾರಣವಾಗಿತ್ತು. ಸಮಾಜ ವಿಜ್ಞಾನದ ಶಿಕ್ಷಕರು ಅದನ್ನು ಮುಂದುವರಿಸಿಕೊಳ್ಳಲಿ.

ಉಳಿದ ಆರು ನಿಮಿಷಕ್ಕೆ ಎರಡನೇ ಚೀಟಿ. 'ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನಲ್ಲಿ 36,000 ಲೀಟರ್ ನೀರಿದೆ. ಅದನ್ನು ಕೆಳಕ್ಕೆ ಬಿಟ್ಟು ಎಷ್ಟು ಯೂನಿಟ್ ಪಡೆಯಬಹುದು, ನಷ್ಟ ಇಲ್ಲವೆಂದು ತಿಳಿಯಿರಿ.' ಉತ್ತರ ಬರೀ ಒಂದು ಯೂನಿಟ್. ಇಷ್ಟು ನೀರಿಗೆ ಇಷ್ಟೇನಾ ಎಂದು ಮಕ್ಕಳು ಕೇಳಿದರೆ ಎತ್ತರದ ಬೆಲೆ ಅವರಿಗೆ ಗೊತ್ತಾಯಿತು ಎಂದು ಅರ್ಥ.

ಪಾಠ ಯೋಜನೆಯ ಪುಸ್ತಕದ ಬಗ್ಗೆ ಒಂದು ಮಾತು. ನಮ್ಮಲ್ಲಿ ಐದು 'ಇ'ಗಳ ನಮೂನೆ ರೂಢಿಯಲ್ಲಿದೆ. ಮೇಲಿನ ಮೊದಲ ಪೀರಿಯಡ್ಡು ಅದರಲ್ಲಿ ತಾನಾಗಿ ಕೂರುತ್ತದೆ: ಫೋಟೋದ ಪ್ರಶ್ನೆ ತೊಡಗಿಸುವಿಕೆ, ಮರಳು ಪರಿಶೋಧನೆ, ಸ್ಲೈಡು 14–15 ವಿವರಣೆ, ಪೈಪುಗಳು ಮತ್ತು ಲೆಕ್ಕ ವಿಸ್ತರಣೆ, ಚೀಟಿ ಮೌಲ್ಯಮಾಪನ. ಆದರೆ ನಮೂನೆಯಿಂದ ಶುರು ಮಾಡಿ ಐದು ಡಬ್ಬಿ ತುಂಬಿಸಲು ಹೊರಟರೆ ಯೋಜನೆ ಅಧಿಕಾರಿಗಳಿಗೆ ಹಿಡಿಸಬಹುದು, ತರಗತಿಯಲ್ಲಿ ನಡೆಯುವುದಿಲ್ಲ.

ನಿಮಿಷಗಳನ್ನು ಪುಸ್ತಕದಲ್ಲಷ್ಟೇ ಬರೆಯದೆ ಪ್ರತಿ ಸ್ಲೈಡಿನ ಕೆಳಗಿನ Notes ಜಾಗದಲ್ಲೂ ಬರೆಯಿರಿ: '24ಕ್ಕೆ ಇಲ್ಲಿರಬೇಕು. ತಡವಾಗಿದ್ದರೆ 16 ಬಿಡು.' ಫೋಟೋ, ಮೂರು ಪೈಪು, ಖಾಲಿ ಕೋಷ್ಟಕ ಈ ಮೂರನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆಸಿಟ್ಟುಕೊಂಡರೆ ಪ್ರೊಜೆಕ್ಟರ್ ಕೈಕೊಟ್ಟ ದಿನವೂ ಪಾಠ ನಿಲ್ಲುವುದಿಲ್ಲ. ವಿದ್ಯುದಾಗಾರ ಊರಲ್ಲೇ ಇದ್ದರೂ ಶಾಲೆಯಲ್ಲಿ ಕರೆಂಟು ಹೋಗುವುದು ಹೋಗುತ್ತದೆ. ಮಕ್ಕಳನ್ನು ವಿದ್ಯುದಾಗಾರದ ಒಳಗೇ ಕರೆದೊಯ್ಯುವ ಆಸೆ ಇದ್ದರೆ ಕರ್ನಾಟಕ ವಿದ್ಯುತ್ ನಿಗಮಕ್ಕೆ ಮುಖ್ಯ ಶಿಕ್ಷಕರಿಂದ ಮುಂಚಿತವಾಗಿ ಪತ್ರ ಬರೆಸಿ, ಅನುಮತಿ ಇಲ್ಲದೆ ಬಿಡುವುದಿಲ್ಲ.

ಪಾಠ ಮುಗಿದ ದಿನವೇ ಅದೇ Notes ಜಾಗದಲ್ಲಿ, ಯೋಜಿಸಿದ ನಿಮಿಷದ ಪಕ್ಕ ನಿಜವಾಗಿ ಹಿಡಿದ ನಿಮಿಷ ಬರೆದು ಫೈಲು ಉಳಿಸಿ. ಮುಂದಿನ ವರ್ಷ ಆ ಪಿಪಿಟಿಯನ್ನು ಪಕ್ಕದ ಶಾಲೆಯವರು ಕೇಳಿದಾಗ Notes ಸಮೇತ ಕೊಡಿ.